ನಗುನಗುತ್ತಾ ಬೈಸಿಕೊಳ್ಳುತ್ತಿದ್ದ ಹಿಂದುಳಿದವರು

ಟಿವಿ ಚರ್ಚೆಯಲ್ಲಿ ಆರು ಮಂದಿ ಗಣ್ಯರು ಒಟ್ಟಿಗೇ ಅರಚುವುದನ್ನು ಕಂಡು ನಾಗರಿಕತೆ ಕೆಟ್ಟುಹೋಯಿತೆಂದು ಕೊರಗುವವರು, 18ನೇ ಶತಮಾನದ ಗ್ರೀನ್‌ಲ್ಯಾಂಡಿನ ಮೂಲನಿವಾಸಿಗಳಾದ ಇನ್ಯೂಟರು ಎಷ್ಟು ಹಿಂದುಳಿದಿದ್ದರೆಂಬುದನ್ನು ತಿಳಿದುಕೊಂಡರೆ ಮನಸ್ಸಿಗೆ ಸಮಾಧಾನವಾದೀತು. ಅಲ್ಲಿನ ಜನರನ್ನು ಹತ್ತಿರದಿಂದ ಕಂಡು ಬಂದ ಡೇವಿಡ್ ಕ್ರಾಂಟ್ಸ್ ಎಂಬ ಕ್ರೈಸ್ತ ಧರ್ಮಪ್ರಚಾರಕ, 1765ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಅವರ ಜಗಳದ ಕ್ರಮವನ್ನು ದಾಖಲಿಸಿದ್ದಾನೆ. ಜಗಳಕ್ಕೂ ಒಂದು ಕ್ರಮವಿತ್ತೆಂಬುದೇ ಅವರ ಹಿಂದುಳಿದಿರುವಿಕೆಗೆ ಸಾಕಷ್ಟು ಸಾಕ್ಷಿ.

ಒಬ್ಬ ಇನ್ನೊಬ್ಬನಿಂದ ಸಾಲ ಪಡೆದು ತಿರುಗಿಸಲಿಲ್ಲವೆಂದು ಇಟ್ಟುಕೊಳ್ಳೋಣ. ಮೋಸಹೋದವನು ಅವನ ಮನೆಯ ಮುಂದೆ ನಿಂತು ಅವನ ವಂಶಾವಳಿಯನ್ನು ಎಳೆದಾಡುವ ಬದಲು, ಕೋಪವನ್ನು ಮುಖದಲ್ಲಿ ತೋರಗೊಡದೆ, ತನ್ನ ಮನೆಗೆ ಹೋಗಿ ಕುಳಿತು ಲೇವಡಿಯ ಹಾಡೊಂದನ್ನು ಕಟ್ಟುತ್ತಿದ್ದ. ಕಟ್ಟಿದ ಹಾಡನ್ನು ಮನೆಮಂದಿಯ ಮುಂದೆ, ವಿಶೇಷವಾಗಿ ಹೆಂಗಸರ ಮುಂದೆ, ಅವರಿಗೆಲ್ಲ ಬಾಯಿಪಾಠವಾಗುವವರೆಗೆ ಕುಣಿದು ಹಾಡುತ್ತಿದ್ದ. ಆಮೇಲಷ್ಟೇ, ಇಂಥವನ ಮೇಲೆ ಹಾಡಿನ ಕಾಳಗಕ್ಕೆ ಇಳಿಯುತ್ತೇನೆಂದು ಎಲ್ಲೆಡೆ ಸಾರುತ್ತಿದ್ದ. ಬೈಗುಳವೊಂದಕ್ಕೆ ಇಷ್ಟು ದಿನ ಹಿಡಿಯುತ್ತಿದ್ದ ಸಮಾಜದಲ್ಲಿ ಎದುರಾಳಿಯ ಹೇಳಿಕೆಯನ್ನು ಪೂರ್ತಿ ಓದುವ ಮೊದಲೇ ಉತ್ತರ ಬರೆದು ಹರಿಯಬಿಡುವ ನಮ್ಮ ವೇಗ ಎಲ್ಲಿಂದ ಬರಬೇಕು?

ಗೊತ್ತಾದ ಜಾಗದಲ್ಲಿ ಜನ ಸುತ್ತುಗಟ್ಟುತ್ತಿದ್ದರು. ದೂರುದಾರನು ಹಿಡಿಯಿರುವ ಸಣ್ಣ ಚೌಕಟ್ಟಿನ ಡೋಲು ಹಿಡಿದು ತನ್ನ ಹಾಡು ಆರಂಭಿಸಿದರೆ, ಮೊದಲೇ ತಯಾರಾಗಿದ್ದ ಅವನ ಕಡೆಯವರು ಸಾಲುಸಾಲಿಗೂ ದನಿಗೂಡಿಸುತ್ತಿದ್ದರು. ಆ ಡೋಲನ್ನು ಕೋಲಿನಿಂದ ಬಾರಿಸುವಾಗ ಪೆಟ್ಟು ಬೀಳುತ್ತಿದ್ದುದು ಚರ್ಮದ ಮೇಲಲ್ಲ, ಅದರ ಕಟ್ಟಿನ ಮೇಲೆ. (ಸದ್ದಿಗೂ ಮಿತಿ ಇಟ್ಟುಕೊಂಡ ಇಂಥ ವಾದ್ಯವನ್ನು ನಮ್ಮ ಸುದ್ದಿವಾಚಕರು ಕೈಯಿಂದಲೂ ಮುಟ್ಟಲಾರರು.) ಅಷ್ಟು ಹೊತ್ತೂ ಬೈಸಿಕೊಳ್ಳುವವನು ಎದುರಿಗೇ ನಿಂತು ಏನೂ ಆಗದವನಂತೆ ಕೇಳಿಸಿಕೊಳ್ಳಬೇಕಿತ್ತು. ನಡುವೆ ಬಾಯಿ ಹಾಕುವಂತಿಲ್ಲ, ‘ನನಗೆ ಮಾತನಾಡಲು ಬಿಡಿ’ ಎಂದು ಮೈಕು ಕಿತ್ತೆಸೆಯುವಂತಿಲ್ಲ, ಭಾವನೆಗೆ ಧಕ್ಕೆಯಾಯಿತೆಂದು ಮಾನನಷ್ಟ ಮೊಕದ್ದಮೆ ಹೂಡುವಂತಿಲ್ಲ. ಮುಖ ಕೆಂಪಾದರೆ ಜನ ಅವನನ್ನೇ ನೋಡಿ ನಗುತ್ತಿದ್ದರು, ಅಲ್ಲಿಗೆ ಅರ್ಧ ಸೋತಂತೆ. ತನ್ನ ಸರದಿ ಬಂದಾಗ ಅವನೂ ಹಾಡಿನಲ್ಲೇ ಎದುರಾಳಿಯ ಹುಳುಕು ತೆಗೆದು, ನಗುವವರನ್ನು ತನ್ನ ಕಡೆಗೆ ಎಳೆದುಕೊಳ್ಳಬೇಕಿತ್ತು. ಸತ್ಯವನ್ನು ಎಷ್ಟು ಕಟುವಾಗಿ ಬೇಕಾದರೂ ಹೇಳಬಹುದಾಗಿತ್ತು, ಆದರೆ ಒರಟುತನವಾಗಲೀ ಸಿಟ್ಟಾಗಲೀ ಬೆರೆಯಬಾರದಿತ್ತು. ಕೊನೆಯ ಮಾತು ಯಾರದೋ ಗೆಲುವು ಅವರದು, ತೀರ್ಪುಗಾರರು ಸುತ್ತ ನಿಂತ ಜನ. ಕಾಳಗ ಮುಗಿದ ಮೇಲೆ ಇಬ್ಬರೂ ಒಳ್ಳೆಯ ಗೆಳೆಯರಾಗಿರುತ್ತಿದ್ದರೆಂದು ಕ್ರಾಂಟ್ಸ್ ಬರೆಯುತ್ತಾನೆ. ವೈರವನ್ನು ಮುಂದಿನ ಚುನಾವಣೆಯವರೆಗೆ ಕಾಪಿಟ್ಟುಕೊಳ್ಳುವ ದೂರದೃಷ್ಟಿಯೂ ಆ ಜನಕ್ಕೆ ಇರಲಿಲ್ಲ.

ಈ ಪದ್ಧತಿಯಲ್ಲಿ ದೋಷವಿರಲಿಲ್ಲವೆಂದಲ್ಲ. ನಗು ತೀರ್ಪು ಕೊಡುವಲ್ಲಿ ನ್ಯಾಯಕ್ಕಿಂತ ನಾಲಿಗೆ ಮುಂದಿರುತ್ತದೆ. ಹಾಡು ಕಟ್ಟಲು ಬಾರದ ಸಾಚಾ ಮನುಷ್ಯ, ಹಾಡು ಬಲ್ಲ ಖದೀಮನ ಎದುರು ನಿಂತರೆ ಅವನ ಗತಿ ಏನೆಂದು ಬಿಡಿಸಿ ಹೇಳಬೇಕಿಲ್ಲ. ಇದೊಂದು ವಿಷಯದಲ್ಲಿ ಮಾತ್ರ ಇನ್ಯೂಟರು ನಮ್ಮ ಮಟ್ಟಕ್ಕೆ ಏರಿದ್ದರು ಎನ್ನಬಹುದು, ಆದರೂ ಅವರ ಖದೀಮನಿಗೆ ಪ್ರಾಸ ಗೊತ್ತಿರಬೇಕಿತ್ತು.

ಹಾಡುವವನ ಕಷ್ಟವನ್ನು ಹೆಚ್ಚಿಸುವುದರಲ್ಲಿ ಟರ್ಕಿಯ ಆಶಿಕ್ ಗಾಯಕರು ಇನ್ನೂ ಒಂದು ಹೆಜ್ಜೆ ಮುಂದೆ. ಅವರ ಸವಾಲು-ಜವಾಬಿನ ಒಂದು ಬಗೆಯಲ್ಲಿ ತುಟಿಗಳ ನಡುವೆ ಸೂಜಿ ಇಟ್ಟುಕೊಂಡು ಆಶುವಾಗಿ ಹಾಡಬೇಕು. ‘ಪ’, ‘ಬ’, ‘ಮ’ಗಳಂತಹ, ತುಟಿ ತಾಗಿಸಿ ಉಚ್ಚರಿಸುವ ಒಂದು ಅಕ್ಷರ ನುಸುಳಿದರೂ ಚುಚ್ಚುವುದು ಹಾಡಿದವನ ತುಟಿಗೇ. ಈ ನಿಯಮವನ್ನು ಶಾಸನಸಭೆಗಳಿಗೆ ಅನ್ವಯಿಸಿದರೆ ‘ಮಾನ್ಯ’ ಎಂಬ ಮೊದಲ ಪದಕ್ಕೇ ರಕ್ತ ಬಂದು ಕಲಾಪ ಮುಂದೂಡಬೇಕಾಗುವುದರಿಂದ, ಸದ್ಯಕ್ಕೆ ಆ ಶಿಫಾರಸನ್ನು ತಡೆಹಿಡಿಯುವುದೇ ಲೇಸು.

ಗ್ರೀನ್‌ಲ್ಯಾಂಡಿನ ಧರ್ಮಪ್ರಚಾರಕರು ಡೋಲಿನ ಹಾಡನ್ನು ಅನ್ಯಮತದ ಆಚರಣೆಯೆಂದು ಬಗೆದು ಹತ್ತಿಕ್ಕಿದರು, ಅದರೊಂದಿಗೆ ಈ ಕಾಳಗವೂ ಹಿಂದೆ ಸರಿಯಿತು. ಮುಂದೆ 2021ರಲ್ಲಿ ಇನ್ಯೂಟರ ಡೋಲು ಕುಣಿತ ಮತ್ತು ಹಾಡುಗಾರಿಕೆಯನ್ನು ಯುನೆಸ್ಕೊ ಮನುಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿಕೊಂಡಿತು. ನಮ್ಮ ರಾತ್ರಿ ಒಂಬತ್ತರ ಚರ್ಚೆಗಳ ಪರವಾಗಿ ಅಂಥದೊಂದು ಅರ್ಜಿ ಹಾಕುವ ವಿಚಾರವಿದ್ದವರು, ಅರ್ಜಿಯಲ್ಲಿ ಯಾರ ಹೆಸರು ಮೊದಲು ಬರಬೇಕೆಂಬುದನ್ನು ನಿರ್ಧರಿಸಲು ಇನ್ನೂ ಪರಸ್ಪರ ಕೂಗಾಡುತ್ತಿದ್ದಾರೆ.