ಜ್ವರಕ್ಕೆ ರಜೆ ಹಾಕಿದವಳು ಯಾಕೆ ತಲೆ ತಗ್ಗಿಸ್ಬೇಕು?

ಪರ: ತಗ್ಗಿಸೋದು ಬೇಡ

ನಾನು ಮೈಸೂರು ರಸ್ತೆ ಕಡೆ ಒಂದು ಗಾರ್ಮೆಂಟ್ಸಲ್ಲಿ ಕಾಲರ್ ಅಟ್ಯಾಚ್ ಮಾಡೋ ಟೈಲರ್, ಒಂಬತ್ತು ವರ್ಷ ಆಯ್ತು. ಹೋದ ಮಳೆಗಾಲದಲ್ಲಿ 102 ಡಿಗ್ರಿ ಜ್ವರ ಇಟ್ಕೊಂಡು ಮಿಷಿನ್ ಮುಂದೆ ಕೂತಿದ್ದೆ, ಯಾಕಂದ್ರೆ ಹಿಂದಿನ ಸಲ ರಜೆ ಹಾಕಿ ಬಂದಾಗ ಸೂಪರ್‌ವೈಸರ್ ಇಡೀ ಲೈನ್ ಮುಂದೆ 'ಯಾರ ಮದುವೆಗೆ ಹೋಗಿದ್ದೆ?' ಅಂತ ಕೇಳಿದ್ರು, ಅದು ಮನಸ್ಸಲ್ಲೇ ಉಳ್ಕೊಂಡಿತ್ತು. ಮಧ್ಯಾಹ್ನದ ಹೊತ್ತಿಗೆ ಕಣ್ಣು ಮಂಜಾಗಿ ಸೂಜಿ ಬೆರಳಿಗೇ ಇಳೀತು. ಹನ್ನೊಂದು ಕಾಲರ್ ಸೊಟ್ಟ ಹೊಲ್ದಿದ್ದೆ, ಎಲ್ಲಾ ಆಲ್ಟರ್‌ಗೆ ವಾಪಸ್ ಬಂತು. ಅವತ್ತು ನಾನು ಬಂದಿದ್ರಿಂದ ಲೈನಿಗೆ ಏನು ಉಪಕಾರ ಆಯ್ತು ಹೇಳಿ?

ನಮ್ಮ ಸಂಬಳದಿಂದ ತಿಂಗಳಾ ತಿಂಗಳಾ 0.75 ಪರ್ಸೆಂಟ್ ಇಎಸ್‌ಐಗೆ ಹೋಗುತ್ತೆ, ಕಂಪನಿಯವ್ರು 3.25 ಕಟ್ತಾರೆ. ಹುಷಾರಿಲ್ಲದಾಗ ಮಲ್ಗೋಕೇ ಅಂತಾನೇ ಆ ದುಡ್ಡು ಹಿಡಿಯೋದು. ಡಿಸ್ಪೆನ್ಸರಿ ಡಾಕ್ಟ್ರು ನೋಡಿ ಸರ್ಟಿಫಿಕೇಟ್ ಬರ್ದುಕೊಟ್ರೆ ದಿನದ ಸರಾಸರಿ ಕೂಲೀಲಿ 70 ಪರ್ಸೆಂಟ್ ಬ್ಯಾಂಕಿಗೆ ಬರುತ್ತೆ, ವರ್ಷಕ್ಕೆ 91 ದಿನದವರೆಗೂ. ಆ ಚೀಟಿ ಮೇಲೆ ಮನೇಲಿರೋವಾಗ ಕೆಲಸದಿಂದ ತೆಗೆಯೋ ಹಾಗಿಲ್ಲ, ಶಿಕ್ಷೆ ಕೊಡೋ ಹಾಗಿಲ್ಲ ಅಂತ 1948ರ ಇಎಸ್‌ಐ ಕಾಯ್ದೆ 73ನೇ ಸೆಕ್ಷನ್‌ನಲ್ಲೇ ಹೇಳಿತ್ತು. ಹೀಗಿರೋವಾಗ ನಾವು ಫೋನ್‌ನಲ್ಲಿ ದನಿ ಸಣ್ಣಗೆ ಮಾಡ್ಕೊಂಡು, ಕೆಮ್ಮು ಜೋರಾಗಿ ಕೇಳ್ಸಿ, ಸಾರಿ ಸಾರ್ ಸಾರಿ ಸಾರ್ ಅಂತ ಬೇಡ್ಕೋಬೇಕಾ? 'ಜ್ವರ ಇದೆ ಸಾರ್, ಇಎಸ್‌ಐಗೆ ಹೋಗ್ತಿದೀನಿ, ಚೀಟಿ ತರ್ತೀನಿ', ಇಷ್ಟು ಹೇಳಿದ್ರೆ ಸಾಕು.

ಇನ್ನೊಂದು ಮಾತು, ಅರ್ಧ ವಾಸಿಯಾಗಿ ಓಡಿ ಬಂದವರಿಗೆ ಇದು ಗೊತ್ತಿರ್ಬೇಕು. ರಜೆಯ ಮೊದಲ ಎರಡು ದಿನಕ್ಕೆ ಇಎಸ್‌ಐ ದುಡ್ಡು ಕೊಡಲ್ಲ, ಆದ್ರೆ ಹಿಂದಿನ ಸಲದ್ದು ಮುಗಿದು 15 ದಿನದೊಳಗೆ ಮತ್ತೆ ಮಲಗಿದ್ರೆ ಆ ಎರಡು ದಿನ ಕಳೆಯಲ್ಲ. ಜ್ವರ ತಿರುಗಿಕೊಂಡ್ರೆ ಹೆದರ್ಕೊಂಡು ಮಿಷಿನ್ ಹಿಡ್ಕೊಂಡು ಕೂರ್ಬೇಡಿ, ವಾಪಸ್ ಡಿಸ್ಪೆನ್ಸರಿಗೆ ಹೋಗಿ.

ವಿರೋಧ: ಅಷ್ಟು ಸುಲಭಕ್ಕೆ ಆಗಲ್ಲಕ್ಕ

ಅಕ್ಕ ಹೇಳಿದ್ದು ಸುಳ್ಳಲ್ಲ. ಆದ್ರೆ ನಾನು ಅವರ ಪಕ್ಕದ ಮಿಷಿನ್‌ನವಳು, ಅವರು ಬರ್ದೇ ಇರೋ ದಿನ ಏನಾಗುತ್ತೆ ಅಂತ ನಾನೂ ಹೇಳ್ಬೇಕಲ್ವಾ.

ಲೈನ್ ಅಂದ್ರೆ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಪೀಸ್ ಹೋಗ್ಬೇಕು. ಕಾಲರ್ ಆಗ್ದೆ ನನ್ ಹತ್ರ ಏನೂ ಬರಲ್ಲ. ಬರ್ದೇ ಇರೋರ ಜಾಗದಲ್ಲಿ ಕೂರೋ ಫ್ಲೋಟರ್ ಹುಡುಗಿ ಇದ್ರೆ ಸರಿ, ಅವಳನ್ನ ಬೇರೆ ಲೈನಿಗೆ ಹಾಕಿದ್ರೆ ಹತ್ತು ಗಂಟೆ ಒಳಗೆ ಅಕ್ಕನ ಜಾಗದಲ್ಲಿ ಬಂಡಲ್ ಮೊಣಕಾಲಷ್ಟು ಎತ್ತರ ನಿಂತಿರುತ್ತೆ, ಆಗ ನನ್ನನ್ನ ಎಬ್ಬಿಸಿ ಅಲ್ಲಿ ಕೂರಿಸ್ತಾರೆ. ಟಾರ್ಗೆಟ್ ಮಾತ್ರ ಒಂದು ಪೀಸೂ ಇಳಿಯಲ್ಲ, ಬೋರ್ಡಲ್ಲಿ ಬರ್ದಿದ್ದು ಬರ್ದಿದ್ದೇ. ಅವತ್ತು ಬೈಗುಳ ತಿನ್ನೋದು ನಾನು, ನೀರು ಕುಡಿಯೋಕೂ ಏಳದೆ ಹೊಲಿಯೋದು ನಾನು. ಹಾಗಾಗಿ ನಾನು ರಜೆ ಹಾಕಿದಾಗ ನನಗೆ ಸೂಪರ್‌ವೈಸರ್ ಮುಖಕ್ಕಿಂತ ಮೊದಲು ಅಕ್ಕನ ಮುಖವೇ ನೆನಪಾಗುತ್ತೆ. ಈ ಸಂಕಟನ ಬಿಟ್ಟುಬಿಡು ಅಂದ್ರೆ ಹೇಗೆ ಬಿಡ್ಲಿ, ಇದು ಯಾರೂ ನನ್ನ ತಲೆಗೆ ತುಂಬಿದ್ದಲ್ಲ.

ದುಡ್ಡಿನ ಲೆಕ್ಕ ಹಾಕೋಣ. ದಿನಕ್ಕೆ 500 ರೂಪಾಯಿ ಅಂತ ಇಟ್ಕೊಳ್ಳಿ. ಐದು ದಿನದ ಚೀಟಿ, ಮೊದಲ ಎರಡು ದಿನಕ್ಕೆ ಸೊನ್ನೆ, ಮಿಕ್ಕ ಮೂರಕ್ಕೆ 350ರಂತೆ 1050. ಡ್ಯೂಟಿ ಮಾಡಿದ್ರೆ 2500 ಬರ್ತಿತ್ತು. ಮೇಲಿಂದ ಒಂದು ದಿನ ತಪ್ಪಿದ್ರೂ ಹಾಜರಾತಿ ಬೋನಸ್ ಪೂರ್ತಿ ಕಟ್ ಮಾಡ್ತಾರೆ ನಮ್ಮಲ್ಲಿ. ಒಂದೇ ದಿನದ ಜ್ವರ ಆದ್ರೆ ಇಎಸ್‌ಐಯಿಂದ ಏನೂ ಬರಲ್ಲ, ಇಡೀ ದಿನ ಕ್ಯೂನಲ್ಲಿ ನಿಂತಿದ್ದಷ್ಟೇ ಬಂತು. ಹೊಸದಾಗಿ ಸೇರಿದ ಹುಡುಗೀರಿಗಂತೂ ಕೇಳೋದೇ ಬೇಡ, ಆರು ತಿಂಗಳ ಅವಧೀಲಿ 78 ದಿನ ಇಎಸ್‌ಐ ಕಟ್ಟಿರ್ಬೇಕು, ಆಮೇಲೆ ಮೂರು ತಿಂಗಳು ಬಿಟ್ಟು ಅದರ ಫಲ ಸಿಗೋದು.

ಕೆಲಸದಿಂದ ತೆಗೆಯೋ ಹಾಗಿಲ್ಲ ಅಂತ ಕಾನೂನು ಹೇಳಿತ್ತು, ನಿಜ. ಆದ್ರೆ ವಾಪಸ್ ಬಂದ ದಿನ ಗೊತ್ತಿಲ್ಲದ ಆಪರೇಷನ್‌ಗೆ ಹಾಕಿ, ಟಾರ್ಗೆಟ್ ಆಗ್ಲಿಲ್ಲ ಅಂತ ಅಳಿಸಿದ್ರೆ ಅದನ್ನ ಯಾವ ಕಾಗದದಲ್ಲಿ ತೋರಿಸ್ತೀರಾ? ಒಬ್ಬೊಬ್ಬ ಟೈಲರ್‌ಗೆ 'ಹೆದರ್ಬೇಡ' ಅಂತ ಹೇಳೋ ಬದಲು ಲೈನಿಗೆ ಇಬ್ಬರು ಫ್ಲೋಟರ್ ಇಡಿ, ಚೀಟಿ ತಂದವರ ಹಾಜರಾತಿ ಬೋನಸ್ ಹಿಡೀಬೇಡಿ ಅಂತ ಕೇಳೋಣ ಅಕ್ಕ, ಇಬ್ಬರೂ ಒಟ್ಟಿಗೆ ಕೇಳೋಣ.

ಅವತ್ತು ಅಕ್ಕ ಆರು ದಿನ ಮಲಗಿ ಎದ್ದು ಬಂದಾಗ ಬೆರಳಿಗೆ ಇನ್ನೂ ಬಟ್ಟೆ ಸುತ್ತಿತ್ತು. ನನ್ನ ಕಡೆ ನೋಡ್ದೇನೇ ಮಿಷಿನ್‌ಗೆ ದಾರ ಪೋಣಿಸ್ಕೊಂಡ್ರು. ನಾನೇ ಎದ್ದು ಹೋಗಿ ಅವರ ಬಂಡಲ್‌ನಲ್ಲಿ ಅರ್ಧ ಎತ್ಕೊಂಡು ಬಂದೆ.