ಎರಡು ವರ್ಷದ ಹಳೆಯ ಚೀಟಿ

ಡೊಂಬಿವಲಿಯ ನಮ್ಮಣ್ಣ ನಾಲ್ಕು ತಿಂಗಳಲ್ಲಿ ಆರು ಕಿಲೋ ಇಳಿದಿದ್ದ. "ಮೊದಲಿಗಿಂತ ಹೆಚ್ಚೇ ಉಣ್ಣುತ್ತಾರೆ, ಆದರೂ ಒಣಗುತ್ತಿದ್ದಾರೆ" ಎಂದು ಅತ್ತಿಗೆ ಫೋನಿನಲ್ಲಿ ಅಳುತ್ತಿದ್ದರು. ಕೈ ನಡುಗುತ್ತಿತ್ತು. ತಾಳ ತಪ್ಪಿದ ಎದೆಬಡಿತಕ್ಕೆಂದು ಎರಡು ವರ್ಷದಿಂದ ದಿನಕ್ಕೆ 200 ಮಿಲಿಗ್ರಾಂ ಅಮಿಯೊಡಾರೋನ್ ನುಂಗುತ್ತಿದ್ದ. ಹತೋಟಿಗೆ ಬಂದಿದ್ದ ಬಡಿತ ಮತ್ತೆ ತಪ್ಪತೊಡಗಿದಾಗ, ಮಾತ್ರೆ ಸಾಲುತ್ತಿಲ್ಲವೆಂದೇ ನಾವೆಲ್ಲ ತೀರ್ಮಾನಿಸಿದೆವು.

ಕೆಡಿಸುತ್ತಿದ್ದದ್ದು ಆ ಮಾತ್ರೆಯೇ. ಅದರಲ್ಲಿ ಸುಮಾರು 75 ಮಿಲಿಗ್ರಾಂ ಅಯೋಡಿನ್ ಇರುತ್ತದೆ. ಅದರಲ್ಲಿ ದಿನಕ್ಕೆ ಆರು ಮಿಲಿಗ್ರಾಂನಷ್ಟು ಬಿಡುಗಡೆಯಾಗಿ ರಕ್ತಕ್ಕೆ ಸೇರುತ್ತದೆ. ದೇಹಕ್ಕೆ ಬೇಕಾದದ್ದು 0.15 ಮಿಲಿಗ್ರಾಂ ಮಾತ್ರ. ಈ ಹೊರೆಗೆ ಕೆಲವರ ಥೈರಾಯ್ಡ್ ಮಂಕಾಗುತ್ತದೆ, ಕೆಲವರದು ಕೆರಳುತ್ತದೆ. ಅಣ್ಣನದು ಮೂರನೆಯ ಬಗೆ: ಔಷಧವೇ ಗ್ರಂಥಿಯನ್ನು ಗಾಯಗೊಳಿಸಿ, ಒಳಗಿದ್ದ ಹಾರ್ಮೋನು ಸೋರಿಹೋಗಿತ್ತು. ಥೈರಾಯ್ಡ್ ಹೆಚ್ಚಾದರೆ ನಾಡಿ ಓಡಬೇಕು, ಆದರೆ ಇದೇ ಔಷಧ ನಾಡಿಯನ್ನು ಹಿಡಿದಿಟ್ಟಿತ್ತು. ಹಾಗಾಗಿ ಯಾರಿಗೂ ಅನುಮಾನ ಬರಲಿಲ್ಲ.

ಟಿಎಸ್‌ಎಚ್ ಪರೀಕ್ಷೆಯಲ್ಲಿ ಅಂಕಿ ಸೊನ್ನೆಯ ಹತ್ತಿರ ಬಂತು, ಥೈರಾಯ್ಡ್ ಹಾರ್ಮೋನು ಹೆಚ್ಚಾದಾಗ ಈ ಅಂಕಿ ಇಳಿಯುತ್ತದೆ. ಗ್ರಂಥಿಯ ಡಾಪ್ಲರ್ ಸ್ಕ್ಯಾನಿನಲ್ಲಿ ರಕ್ತದ ಹರಿವು ಕಡಿಮೆ ಇದ್ದದ್ದು ಸೋರಿಕೆಯ ಅನುಮಾನಕ್ಕೆ ಬಲ ಕೊಟ್ಟಿತು. ವೈದ್ಯರು ಸ್ಟೀರಾಯ್ಡ್ ಕೊಟ್ಟರು.

ನನ್ನ ಸಿಟ್ಟು ಇರುವುದು ಈ ಮಾತ್ರೆ ಬರೆದುಕೊಟ್ಟ ಎರಡು ವರ್ಷದ ಹಳೆಯ ಚೀಟಿಯ ಮೇಲೆ. ಔಷಧದಂಗಡಿ ತಿಂಗಳು ತಿಂಗಳು ಅದನ್ನೇ ನೋಡಿ ಮಾತ್ರೆ ಕೊಟ್ಟಿತು, ನಾವೂ ತೆಗೆದುಕೊಂಡೆವು. ಶುರುಮಾಡುವ ಮೊದಲು ಥೈರಾಯ್ಡ್, ಯಕೃತ್ತು, ಇಸಿಜಿ ಮತ್ತು ಎದೆಯ ಎಕ್ಸ್‌ರೇ ಆಗಬೇಕು. ಮುಂದೆ ಆರು ತಿಂಗಳಿಗೊಮ್ಮೆ ಥೈರಾಯ್ಡ್ ಮತ್ತು ಯಕೃತ್ತಿನ ರಕ್ತಪರೀಕ್ಷೆ, ವರ್ಷಕ್ಕೊಮ್ಮೆ ಎಕ್ಸ್‌ರೇ ಮತ್ತು ಇಸಿಜಿ. ಚೀಟಿಯಲ್ಲಿ ಇದೊಂದೂ ಇರಲಿಲ್ಲ, ನಾವೂ ಕೇಳಲಿಲ್ಲ.

ಶ್ವಾಸಕೋಶದ ವಿಷಯ ಇನ್ನೂ ಮೋಸದ್ದು. ಒಣಕೆಮ್ಮು, ನಿಲ್ದಾಣದ ಸೇತುವೆ ಹತ್ತುವಾಗ ಏದುಸಿರು. ಮುಂಬಯಿಯಲ್ಲಿ ಇದನ್ನು ಧೂಳಿನ ತಲೆಗೆ ಕಟ್ಟುವುದು ಸುಲಭ. ಹೃದಯ ಸೋತಿದೆ ಎಂದೂ ಅಂದುಕೊಳ್ಳುತ್ತಾರೆ. ಆದರೆ ಅದು ಔಷಧದಿಂದಾದ ಉರಿಯೂತವಿರಬಹುದು. ಅನುಮಾನ ಬಂದರೆ ಎದೆಯ ಸಿ.ಟಿ. ಸ್ಕ್ಯಾನ್, ಜೊತೆಗೆ ಶ್ವಾಸಕೋಶ ಅನಿಲವನ್ನು ರಕ್ತಕ್ಕೆ ಎಷ್ಟು ದಾಟಿಸುತ್ತದೆ ಎಂದು ಅಳೆಯುವ ಪರೀಕ್ಷೆ ಬೇಕು. ಆ ಎರಡನೆಯದನ್ನು ಮೊದಲೇ ಒಮ್ಮೆ ಮಾಡಿಸಿಟ್ಟರೆ ಹೋಲಿಸಲು ಆಧಾರ ಸಿಗುತ್ತದೆ.

ಕಣ್ಣಿನ ಬಗ್ಗೆ ಅಷ್ಟು ಭಯವಿಲ್ಲ. ಬಹುತೇಕ ಎಲ್ಲರ ಕಾರ್ನಿಯದ ಮೇಲೂ ಸಣ್ಣ ಕಣಗಳು ಕೂರುತ್ತವೆ, ರಾತ್ರಿ ದೀಪದ ಸುತ್ತ ಬಳೆ ಕಾಣಬಹುದು, ಅದಕ್ಕಾಗಿ ಮಾತ್ರೆ ನಿಲ್ಲಿಸಬೇಕಿಲ್ಲ. ದೃಷ್ಟಿಯೇ ಮಸುಕಾದರೆ ಮಾತ್ರ ಕಣ್ಣಿನ ನರಕ್ಕೆ ಪೆಟ್ಟಾಗಿರಬಹುದು, ಅಂದೇ ತೋರಿಸಬೇಕು.

"ನಾಳೆಯಿಂದಲೇ ಬಿಟ್ಟುಬಿಡಲೇ?" ಎಂದು ಅಣ್ಣ ಕೇಳಿದ್ದ. ತಾನಾಗಿ ಬಿಟ್ಟರೆ ಬಡಿತ ಅಪಾಯಕ್ಕೆ ತಿರುಗಬಹುದೆಂದು ಬೈಸಿಕೊಂಡ. ವೈದ್ಯರು ಬೇರೆ ಔಷಧ ಹೊಂದಿಸಿಯೇ ಇದನ್ನು ನಿಲ್ಲಿಸಿದರು. ಈಗ ಮೂರು ತಿಂಗಳಾಯಿತು. ಆದರೂ ಕೊಬ್ಬಿನಲ್ಲಿ ಸೇರಿಕೊಂಡದ್ದು ಖಾಲಿಯಾಗಲು ಇನ್ನೂ ತಿಂಗಳುಗಳು ಬೇಕಂತೆ, ಮುಂದಿನ ಟಿಎಸ್‌ಎಚ್‌ನ ತಾರೀಖನ್ನು ಅತ್ತಿಗೆ ಕ್ಯಾಲೆಂಡರಿನಲ್ಲಿ ಕೆಂಪು ಪೆನ್ನಿನಿಂದ ಸುತ್ತಿದ್ದಾರೆ.