ಆರು ವರ್ಷದ ವಾಷಿಂಗ್ ಮಶಿನ್ ಕೆಟ್ಟರೆ ಹೊಸದರ ದುಡ್ಡು ಯಾರು ಕೊಡಬೇಕು?

ಪುಣೆಯ ವಾಕಡ್, ಹಿಂಜವಡಿ, ಪಿಂಪಳೆ ಸೌದಾಗರ್ ಕಡೆ ಫರ್ನಿಶ್ಡ್ ಫ್ಲ್ಯಾಟ್‌ನಲ್ಲಿರುವ ನಮ್ಮ ಕನ್ನಡದವರು ಮನೆ ಖಾಲಿ ಮಾಡುವ ತಿಂಗಳಲ್ಲಿ ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. "ವಾಷಿಂಗ್ ಮಶಿನ್ ಕೆಟ್ಟಿದೆ, ಹೊಸದರ ರೇಟು ಡಿಪಾಸಿಟ್‌ನಿಂದ ಮುರಿದುಕೊಳ್ತೀನಿ ಅಂತಿದ್ದಾರೆ ಓನರ್. ಸರಿಯಾ ಇದು?" ಸರಿಯಲ್ಲ. ಆದರೆ ಸರಿಯಲ್ಲ ಅಂತ ಆ ದಿನ ತೋರಿಸಿಕೊಡಲು ಬೇಕಾದ ಕಾಗದ ಹೆಚ್ಚಿನವರ ಕೈಯಲ್ಲಿ ಇರುವುದಿಲ್ಲ. ಅದು ತಯಾರಾಗಬೇಕಾದದ್ದು ಮನೆ ಸೇರುವ ಮೊದಲು.

ಮಹಾರಾಷ್ಟ್ರದಲ್ಲಿ ನಾವು ಮಾಡಿಕೊಳ್ಳುವುದು ಲೀವ್ ಅಂಡ್ ಲೈಸೆನ್ಸ್ ಕರಾರು. 1999ರ ಬಾಡಿಗೆ ನಿಯಂತ್ರಣ ಕಾಯ್ದೆಯ 55ನೇ ಕಲಂ ಪ್ರಕಾರ ಅದು ಬರಹದಲ್ಲಿರಬೇಕು, ನೋಂದಣಿಯಾಗಬೇಕು, ಮತ್ತು ನೋಂದಣಿ ಮಾಡಿಸುವ ಹೊಣೆ ಮಾಲೀಕರದು. ಈಗ ಹೆಚ್ಚಿನವು ಆನ್‌ಲೈನ್‌ನಲ್ಲೇ ಆಗುತ್ತವೆ. ಏಜೆಂಟ್ ಬೆರಳಚ್ಚು ಯಂತ್ರ ಹಿಡಿದು ಮನೆಗೇ ಬರುತ್ತಾನೆ. ಅದಕ್ಕೂ ಮುಂಚೆ ಕರಡು ಪ್ರತಿಯ ಪಿಡಿಎಫ್ ವಾಟ್ಸಾಪ್‌ಗೆ ಬರುತ್ತದೆ. ಎಲ್ಲರೂ ಅದರಲ್ಲಿ ಹೆಸರಿನ ಸ್ಪೆಲ್ಲಿಂಗ್, ಬಾಡಿಗೆ, ಡಿಪಾಸಿಟ್ ನೋಡಿ "ಓಕೆ" ಅಂತ ಕಳಿಸಿಬಿಡುತ್ತಾರೆ. ಕೊನೆಯ ಪುಟದ ಸಾಮಾನಿನ ಪಟ್ಟಿಯನ್ನು ಓದುವವರು ತೀರ ಕಡಿಮೆ. ಓದಿದರೂ ಅಲ್ಲಿರುವುದು ಇಷ್ಟೇ: ಫ್ಯಾನ್ 5, ಗೀಸರ್ 2, ಎಸಿ 1, ವಾಷಿಂಗ್ ಮಶಿನ್ 1, ಫ್ರಿಜ್ 1.

ಈ ಪಟ್ಟಿ ಹೇಳುವುದು ಮಶಿನ್ ಇತ್ತು ಅನ್ನುವುದನ್ನು ಮಾತ್ರ. ಯಾವ ಮಶಿನ್, ಎಷ್ಟು ಹಳೆಯದು, ಎಷ್ಟಕ್ಕೆ ಕೊಂಡಿದ್ದು ಎಂಬುದು ಎಲ್ಲಿಯೂ ಇಲ್ಲ. ಹೀಗಿದ್ದಾಗ "ಒಂದು ಮಶಿನ್ ಕೊಟ್ಟಿದ್ದೆ, ನಡೆಯುವ ಒಂದು ಮಶಿನ್ ವಾಪಸ್ ಕೊಡು" ಅನ್ನುವ ಓನರ್ ಮಾತಿಗೆ ಉತ್ತರ ಕೊಡುವುದು ಕಷ್ಟ. ಇನ್ನೊಂದು ತೊಡಕೂ ಇದೆ. ಈ ಕರಾರುಗಳಲ್ಲಿ ಸಾಮಾನ್ಯವಾಗಿ ಕಾಣುವ ವಾಕ್ಯ, "ಸದರಿ ಜಾಗಕ್ಕೆ ಆದ ಹಾನಿಯನ್ನು ಲೈಸೆನ್ಸಿ ತನ್ನ ಖರ್ಚಿನಲ್ಲಿ ಸರಿಪಡಿಸಬೇಕು, ಸಹಜ ಸವೆತವನ್ನು ಬಿಟ್ಟು" ಅನ್ನುವ ಧಾಟಿಯದು. ಸಹಜ ಸವೆತದ ವಿನಾಯಿತಿ ಅಲ್ಲಿ ಸಿಗುವುದು ಜಾಗಕ್ಕೆ, ಅಂದರೆ ಗೋಡೆ, ಬಣ್ಣ, ನೆಲಕ್ಕೆ. ಉಪಕರಣಗಳಿಗೂ ಅದೇ ಅನ್ವಯ ಅಂತ ಒಂದು ಸಾಲು ಸೇರಿಸದಿದ್ದರೆ ಜಗಳ ಶುರುವಾಗುವುದು ಅಲ್ಲಿಂದಲೇ.

ಹಾಗಾಗಿ ಪಟ್ಟಿಯಲ್ಲಿ ಪ್ರತಿ ವಸ್ತುವಿಗೂ ಕಂಪನಿ, ಮಾಡೆಲ್, ಸೀರಿಯಲ್ ನಂಬರ್, ಕೊಂಡ ತಿಂಗಳು ಮತ್ತು ವರ್ಷ, ಕೊಂಡ ಬೆಲೆ, ಈಗಿನ ಸ್ಥಿತಿ ಇರಲಿ. ಬಿಲ್ ಕಳೆದುಹೋಗಿದೆ ಅಂತ ಓನರ್ ಹೇಳಿದರೆ ಬಿಡಬೇಡಿ. ಮಶಿನ್ ಹಿಂಭಾಗದ ಅಥವಾ ಬಾಗಿಲ ಅಂಚಿನ ಸ್ಟಿಕ್ಕರ್‌ನಲ್ಲಿ ತಯಾರಾದ ತಿಂಗಳು, ವರ್ಷ ಬಹುಪಾಲು ಇರುತ್ತದೆ. ಇಲ್ಲದಿದ್ದರೆ ಸೀರಿಯಲ್ ನಂಬರ್ ಕೊಟ್ಟು ಕಂಪನಿಯ ಗ್ರಾಹಕ ಸೇವೆಗೆ ಕೇಳಿ ನೋಡಿ. ಬೆಲೆ ಗೊತ್ತಿಲ್ಲದಿದ್ದರೆ ಇಬ್ಬರೂ ಒಪ್ಪಿದ ಅಂದಾಜು ಮೊತ್ತ ಬರೆಯಿರಿ. ಅಂದಾಜಾದರೂ ಸರಿ, ಖಾಲಿ ಜಾಗ ಬೇಡ. ಏಜೆಂಟ್ "ಫಾರ್ಮ್‌ನಲ್ಲಿ ಅಷ್ಟೆಲ್ಲ ಕಾಲಂ ಇಲ್ಲ" ಅಂದರೆ ಬೇರೆ ಹಾಳೆಯಲ್ಲಿ ಬರೆದು, ಕರಾರಿನ ನೋಂದಣಿ ನಂಬರ್ ಹಾಕಿ, ಇಬ್ಬರೂ ಸಹಿ ಮಾಡಿ, ಸ್ಕ್ಯಾನ್ ಪ್ರತಿಯನ್ನು ಇಬ್ಬರ ಇಮೇಲ್‌ಗೂ ಹಾಕಿಕೊಳ್ಳಿ.

ಇನ್ನು ಸವಕಳಿ ಲೆಕ್ಕ. ಒಂದು ಉದಾಹರಣೆ ಹಿಡಿಯೋಣ. ಫ್ರಂಟ್ ಲೋಡ್ ಮಶಿನ್, 2019ರ ಜೂನ್‌ನಲ್ಲಿ 32,000 ರೂಪಾಯಿಗೆ ಕೊಂಡದ್ದು. ಅದರ ಆಯಸ್ಸು 8 ವರ್ಷ, ಕೊನೆಗೆ ಉಳಿಯುವ ಬೆಲೆ ಶೇ. 10 ಅಂತ ಕರಾರಿನಲ್ಲಿ ಒಪ್ಪಿದ್ದೀರಿ ಅಂದುಕೊಳ್ಳಿ. 32,000ದಲ್ಲಿ 3,200 ಕಳೆದರೆ 28,800. ಅದನ್ನು 8ರಿಂದ ಭಾಗಿಸಿದರೆ ವರ್ಷಕ್ಕೆ 3,600 ಸವೆಯುತ್ತದೆ. ಹೀಗೆ ಪ್ರತಿ ವರ್ಷ ಒಂದೇ ಮೊತ್ತ ಕಳೆಯುವುದು ನೇರ ಪದ್ಧತಿ. 2025ರ ಜೂನ್‌ನಲ್ಲಿ ಮಶಿನ್ ನಿಂತುಹೋಯಿತು ಅಂದರೆ 6 ವರ್ಷದ ಸವಕಳಿ 21,600. ಉಳಿದ ಬೆಲೆ 10,400. ನಿಮ್ಮ ತಪ್ಪಿನಿಂದಲೇ ಅದು ಪೂರ್ತಿ ಹಾಳಾಗಿದ್ದರೂ ಓನರ್‌ಗೆ ಆದ ನಷ್ಟ ಈ 10,400ಕ್ಕಿಂತ ಹೆಚ್ಚಿಲ್ಲ. ಹೊಸ ಮಶಿನ್ 38,000 ಇದ್ದರೆ ಮಿಕ್ಕ ದುಡ್ಡು ಅವರೇ ಹಾಕಬೇಕು, ಯಾಕೆಂದರೆ ಮುಂದಿನ 8 ವರ್ಷ ಆ ಹೊಸ ಮಶಿನ್ ಇರುವುದು ಅವರ ಮನೆಯಲ್ಲೇ.

ಕೆಲವು ಓನರ್‌ಗಳು, ಅದರಲ್ಲೂ ಸಿಎ ಕೈಲಿ ರಿಟರ್ನ್ ಹಾಕಿಸುವವರು, ಆದಾಯ ತೆರಿಗೆಯ ಲೆಕ್ಕದಲ್ಲಿ ಯಂತ್ರೋಪಕರಣಗಳಿಗೆ ಇರುವ ಶೇ. 15ರ ದರ ಹಿಡಿಯೋಣ ಅನ್ನುತ್ತಾರೆ. ಆ ಪದ್ಧತಿಯಲ್ಲಿ ಪ್ರತಿ ವರ್ಷ ಉಳಿದ ಬೆಲೆಯ ಮೇಲೆ ಶೇ. 15 ಕಳೆಯುತ್ತಾರೆ. ಕೇಳಲು ನ್ಯಾಯವಾಗೇ ಇದೆ. ಆದರೆ ಅದು ಮೊದಲ ವರ್ಷಗಳಲ್ಲಿ ಬೇಗ ಇಳಿದು ಆಮೇಲೆ ನಿಧಾನವಾಗುತ್ತದೆ. ಇದೇ ಮಶಿನ್‌ಗೆ 2 ವರ್ಷಕ್ಕೆ 23,120 ಉಳಿಯುತ್ತದೆ, ನೇರ ಪದ್ಧತಿಯಲ್ಲಾದರೆ 24,800. 6 ವರ್ಷಕ್ಕೆ ಲೆಕ್ಕ ತಿರುಗುಮುರುಗು: ಶೇ. 15ರಲ್ಲಿ ಸುಮಾರು 12,070, ನೇರ ಪದ್ಧತಿಯಲ್ಲಿ 10,400. 10 ವರ್ಷದ ಮಶಿನ್‌ಗೆ ಶೇ. 15ರ ಲೆಕ್ಕ ಇನ್ನೂ ಸುಮಾರು 6,300 ತೋರಿಸುತ್ತದೆ, ನೇರ ಪದ್ಧತಿಯಲ್ಲಿ ಅದು 3,200ರಲ್ಲೇ ನಿಂತಿರುತ್ತದೆ. ಬಾಡಿಗೆ ಮನೆಯಲ್ಲಿ ಇರುವುದು ಸಾಮಾನ್ಯವಾಗಿ ಹಳೇ ಸಾಮಾನೇ. ಅದಕ್ಕೇ ನನ್ನ ಪ್ರಕಾರ ನೇರ ಪದ್ಧತಿಯೇ ಸರಿ. ಯಾರು ಬೇಕಾದರೂ ಫೋನಿನ ಕ್ಯಾಲ್ಕುಲೇಟರ್‌ನಲ್ಲಿ ಮಾಡಿ ನೋಡಬಹುದು. ಒಂದು ನೆನಪಿರಲಿ, ತೆರಿಗೆಯ ದರವಾಗಲಿ ಈ 8 ವರ್ಷವಾಗಲಿ ಬಾಡಿಗೆ ಮನೆಗೆ ತಾನಾಗಿ ಅನ್ವಯವಾಗುವ ಕಾನೂನಲ್ಲ. ಕರಾರಿನಲ್ಲಿ ಬರೆದರೆ ಮಾತ್ರ ಅದು ನಿಮ್ಮಿಬ್ಬರ ನಡುವಿನ ನಿಯಮ.

ಆದರೆ ಈ ಲೆಕ್ಕಕ್ಕೆ ಇಳಿಯುವ ಮುಂಚೆ ಕೇಳಬೇಕಾದದ್ದು, ಮಶಿನ್ ಯಾಕೆ ಕೆಟ್ಟಿತು ಅಂತ. ಫ್ರಂಟ್ ಲೋಡ್ ಮಶಿನ್‌ನಲ್ಲಿ ಡ್ರಮ್ಮಿನ ಹಿಂದಿನ ಸೀಲ್ ಸವೆದು ಬೇರಿಂಗ್‌ಗೆ ನೀರು ಇಳಿಯುತ್ತದೆ, ಬೇರಿಂಗ್ ತುಕ್ಕು ಹಿಡಿಯುತ್ತದೆ. ಸ್ಪಿನ್ ಆಗುವಾಗ ಗುಡುಗಿದ ಹಾಗೆ ಸದ್ದು. ನಿಂತ ಮಶಿನ್‌ನ ಬಾಗಿಲು ತೆರೆದು ಡ್ರಮ್ಮನ್ನು ಒಳಗಿನಿಂದ ಮೇಲಕ್ಕೆ ಎತ್ತಿ ನೋಡಿದರೆ ಸಡಿಲವಾಗಿ ಅಲ್ಲಾಡುವುದು ಕೈಗೆ ಗೊತ್ತಾಗುತ್ತದೆ. ಇದು ವಯಸ್ಸಿನ ಸವೆತ, ಖರ್ಚು ಪೂರ್ತಿ ಓನರ್‌ದು. ಹಲವು ಮಾಡೆಲ್‌ಗಳಲ್ಲಿ ಟಬ್ ಬಿಚ್ಚಲು ಬಾರದ ಹಾಗೆ ಅಂಟಿಸಿರುತ್ತಾರೆ. ಬೇರಿಂಗ್ ಹೋದರೆ ಇಡೀ ಟಬ್ಬೇ ಬದಲಾಗಬೇಕು, ಬಿಲ್ ನೋಡಿ ಓನರ್‌ಗೆ ಗಾಬರಿಯಾಗುತ್ತದೆ. ಆ ಗಾಬರಿಯಲ್ಲೇ "ನೀವು ಬಟ್ಟೆ ಜಾಸ್ತಿ ತುಂಬಿದ್ರಿ" ಅನ್ನುವ ಮಾತು ಹುಟ್ಟುವುದು.

ಇನ್ನೊಂದು ಬಗೆ ಬೇರೆ. ಜೇಬಿನ ನಾಣ್ಯ, ಹೇರ್‌ಪಿನ್, ಒಳಉಡುಪಿನ ತಂತಿ ಡ್ರಮ್ ಮತ್ತು ಟಬ್ಬಿನ ನಡುವೆ ಸಿಕ್ಕಿ ಪ್ಲಾಸ್ಟಿಕ್ ಟಬ್ ಒಡೆಯುವುದು, ಇಲ್ಲವೇ ಡ್ರೇನ್ ಪಂಪ್ ಕಚ್ಚಿಕೊಳ್ಳುವುದು. ಇದು ಬಳಸುವವರ ಮೇಲೆಯೇ ಬರುತ್ತದೆ. ಇಲ್ಲಿ ರಿಪೇರಿ ಖರ್ಚು ಅಥವಾ ಉಳಿದ ಬೆಲೆ, ಎರಡರಲ್ಲಿ ಯಾವುದು ಕಡಿಮೆಯೋ ಅದನ್ನು ಕೊಡುವುದು ನ್ಯಾಯ. ನಮ್ಮ ಉದಾಹರಣೆಯಲ್ಲಿ ರಿಪೇರಿ 7,500 ಆದರೆ ಅಷ್ಟೇ ಕೊಡಿ. 16,000 ಅಂತ ಹೇಳಿದರೆ 10,400ಕ್ಕೆ ನಿಲ್ಲಿಸಿ, ಹಳೇ ಮಶಿನ್‌ಗೆ ಎಕ್ಸ್‌ಚೇಂಜ್‌ನಲ್ಲಿ 1,500 ಸಿಕ್ಕರೆ ಅದನ್ನೂ ಕಳೆದು 8,900 ಕೊಡಿ.

ಕಾರಣ ಯಾವುದು ಅನ್ನುವುದು ಸರ್ವಿಸ್ ಸೆಂಟರ್‌ನ ಜಾಬ್ ಶೀಟ್‌ನಲ್ಲಿ ಬರಬೇಕು. ಟೆಕ್ನಿಷಿಯನ್ ಸಾಮಾನ್ಯವಾಗಿ "ಮಶಿನ್ ನಡೆಯುತ್ತಿಲ್ಲ, ಪಾರ್ಟ್ ಬದಲಿಸಬೇಕು" ಅಂತ ಬರೆದು ಹೋಗುತ್ತಾನೆ. ಅದರಿಂದ ಯಾರಿಗೂ ಉಪಯೋಗವಿಲ್ಲ. "ಬೇರಿಂಗ್ ಸವೆದಿದೆ" ಅಂತಲೋ "ಒಳಗೆ ನಾಣ್ಯ ಸಿಕ್ಕಿದೆ" ಅಂತಲೋ ಬರೆಸಿ, ತೆಗೆದ ಪಾರ್ಟ್‌ನ ಫೋಟೊ ಇಟ್ಟುಕೊಳ್ಳಿ. ಮಶಿನ್ ನಿಂತ ದಿನವೇ ಓನರ್‌ಗೆ ಬರಹದಲ್ಲಿ ತಿಳಿಸಿ: "ಸರ್, ಇವತ್ತು ಬೆಳಿಗ್ಗೆಯಿಂದ ಮಶಿನ್ ಸ್ಪಿನ್ ಆಗ್ತಿಲ್ಲ, ವಿಡಿಯೊ ಕಳಿಸಿದ್ದೀನಿ, ಕಂಪನಿಗೆ ಕಂಪ್ಲೇಂಟ್ ಕೊಡಲಾ?" ಅವರು ಒಪ್ಪುವ ಮುಂಚೆ ಬೀದಿಯ ಮೆಕ್ಯಾನಿಕ್ ಕೈಲಿ ಬಿಚ್ಚಿಸಬೇಡಿ. ಬಿಚ್ಚಿಸಿದ ಮೇಲೆ ಏನು ಮೊದಲೇ ಕೆಟ್ಟಿತ್ತು, ಏನು ಅವನು ಕೆಡಿಸಿದ ಅಂತ ಹೇಳಲು ಬರುವುದಿಲ್ಲ.

ಗೀಸರ್ ಮತ್ತು ಎಸಿಯದ್ದು ಹೆಚ್ಚಾಗಿ ಊರಿನ ನೀರು, ಗಾಳಿಯ ವಿಷಯ. ಬೋರ್‌ವೆಲ್ ಅಥವಾ ಟ್ಯಾಂಕರ್‌ನ ಗಡಸು ನೀರು ಬರುವ ಸೊಸೈಟಿಗಳಲ್ಲಿ ಗೀಸರಿನ ಎಲಿಮೆಂಟ್ ಮೇಲೆ ಬಿಳಿ ಪದರ ಕಟ್ಟಿ, ಅದು ಅತಿಯಾಗಿ ಕಾದು ಸುಡುತ್ತದೆ. ಟ್ಯಾಂಕನ್ನು ತುಕ್ಕಿನಿಂದ ಕಾಯಲು ಒಳಗೊಂದು ಮೆಗ್ನೀಸಿಯಂ ಸರಳು ಇರುತ್ತದೆ. ಟ್ಯಾಂಕಿನ ಬದಲು ತಾನು ಸವೆಯುವುದೇ ಅದರ ಕೆಲಸ. ಅದು ಮುಗಿದ ಮೇಲೆ ಬದಲಿಸದಿದ್ದರೆ ಟ್ಯಾಂಕ್ ತೂತಾಗುತ್ತದೆ. ಇದರಲ್ಲಿ ಬಾಡಿಗೆದಾರರ ತಪ್ಪು ಏನೂ ಇಲ್ಲ. ಮುಂಬೈ, ಗೋವಾದ ಕಡಲ ಹತ್ತಿರ ಉಪ್ಪು ಗಾಳಿಗೆ, ಗಲೀಜು ನಾಲೆಗಳ ಹತ್ತಿರ ಅದರ ಗ್ಯಾಸಿಗೆ ಎಸಿಯ ಕಾಯಿಲ್ ಕೊರೆದುಹೋಗುತ್ತದೆ. ಎಸಿಯ ಗ್ಯಾಸ್ ಬಳಸಿದ ಹಾಗೆ ಖರ್ಚಾಗುವ ವಸ್ತುವಲ್ಲ. ಕಡಿಮೆಯಾಗಿದೆ ಅಂದರೆ ಎಲ್ಲೋ ಸೋರುತ್ತಿದೆ. ಸೋರಿಕೆ ಮುಚ್ಚದೆ ತುಂಬಿಸಿದರೆ ಮತ್ತೆ ಹೋಗುತ್ತದೆ, ಆ ಬಿಲ್ ನಿಮ್ಮ ತಲೆಗೆ ಕಟ್ಟಲು ಬಿಡಬೇಡಿ. ಫಿಲ್ಟರ್ ತೊಳೆಯುವುದು, ಮಾಮೂಲಿ ಸರ್ವಿಸ್ ಮಾಡಿಸುವುದು ನಿಮ್ಮ ಕೆಲಸ. ಅದರ ರಸೀದಿ ಇದ್ದರೆ ನೋಡಿಕೊಳ್ಳಲಿಲ್ಲ ಅನ್ನುವ ಮಾತು ಬರುವುದಿಲ್ಲ.

ಸಣ್ಣಪುಟ್ಟ ರಿಪೇರಿಗೆ ಒಂದು ಮಿತಿ ಬರೆದುಕೊಳ್ಳುವುದು ಇಬ್ಬರಿಗೂ ಒಳ್ಳೆಯದು. ಒಂದು ಸಲಕ್ಕೆ 1,000 ರೂಪಾಯಿವರೆಗೆ ಬಾಡಿಗೆದಾರರು, ಅದಕ್ಕಿಂತ ಹೆಚ್ಚಾದರೆ ಕಾರಣ ನೋಡಿ ತೀರ್ಮಾನ ಅಂತ. ಬಲ್ಬು, ರಿಮೋಟ್ ಸೆಲ್‌ಗೆಲ್ಲ ಫೋನ್ ಮಾಡುವ ಕಿರಿಕಿರಿ ತಪ್ಪುತ್ತದೆ.

ಮನೆ ಸೇರಿದ ಮೊದಲ ವಾರ ಪರೀಕ್ಷೆಗೆ ಅಂತ ಕರಾರಿನಲ್ಲೇ ಬರೆಸಿ. "ಎಲ್ಲ ಸಾಮಾನೂ ಸುಸ್ಥಿತಿಯಲ್ಲಿವೆ" ಅಂತ ಸಹಿ ಹಾಕಿದ ಮೇಲೆ ಹಳೇ ದೋಷವೂ ನಿಮ್ಮದೇ ಆಗುತ್ತದೆ. ಖಾಲಿ ಮಶಿನ್ ಒಮ್ಮೆ ಸ್ಪಿನ್ ಮಾಡಿ ಸದ್ದು ಕೇಳಿ. ಎಸಿ ಅರ್ಧ ಗಂಟೆ ಓಡಿಸಿ ಹೊರಗಿನ ಸಣ್ಣ ಪೈಪಿನ ಮೇಲೆ ಮಂಜು ಕಟ್ಟುತ್ತದೆಯೇ ನೋಡಿ, ಕಟ್ಟಿದರೆ ಗ್ಯಾಸ್ ಕಡಿಮೆಯಿರಬಹುದು. ಗೀಸರ್ ಕಾಯುವಾಗ ಸೇಫ್ಟಿ ವಾಲ್ವ್‌ನಿಂದ ಹನಿ ಬೀಳುವುದು ದೋಷವಲ್ಲ. ಟ್ಯಾಂಕಿನ ಬುಡದಿಂದ ತುಕ್ಕಿನ ನೀರು ಇಳಿದರೆ ಮಾತ್ರ ತಕ್ಷಣ ವಿಡಿಯೊ ಮಾಡಿ ಓನರ್‌ಗೆ ಕಳಿಸಿ.

"ಏನೇ ಹಾಳಾದರೂ ಡಿಪಾಸಿಟ್ ಪೂರ್ತಿ ಜಪ್ತಿ" ಅನ್ನುವ ಸಾಲು ಕರಾರಿನಲ್ಲಿ ಕಂಡರೆ ಹೊಡೆದು ಹಾಕಿಸಿ. ಅದು ಉಳಿದುಬಿಟ್ಟಿದ್ದರೂ ಎದೆಗುಂದಬೇಡಿ. ಭಾರತೀಯ ಕರಾರು ಕಾಯ್ದೆಯ 74ನೇ ಕಲಂ ಪ್ರಕಾರ ಕರಾರಿನಲ್ಲಿ ಬರೆದ ದಂಡದ ಮೊತ್ತವೇ ಮಿತಿ, ಅದರೊಳಗೆ ಸಿಗುವುದು ಸಮಂಜಸ ಪರಿಹಾರ ಮಾತ್ರ. ಖಾಲಿ ಮಾಡುವ ಹತ್ತು ದಿನ ಮುಂಚೆ ಓನರ್‌ರನ್ನು ಕರೆದು ಅದೇ ಪಟ್ಟಿ ಹಿಡಿದು ಒಂದೊಂದೇ ಚಾಲೂ ಮಾಡಿ ತೋರಿಸಿ. ಕಡಿತವೇನಾದರೂ ಇದ್ದರೆ ವಸ್ತು, ಕಾರಣ, ಉಳಿದ ಬೆಲೆ, ರಿಪೇರಿ ಬಿಲ್ ನಾಲ್ಕನ್ನೂ ಬರೆದು ಕೊಡಲು ಕೇಳಿ. ನಡುವೆ ಓನರ್ ಹೊಸ ಮಶಿನ್ ತಂದಿದ್ದರೆ ಅದೇ ವಾರ ಪಟ್ಟಿಯಲ್ಲಿ ಹೊಸ ತಾರೀಖು, ಹೊಸ ಬೆಲೆ ಹಾಕಿರಬೇಕು. ಬರೀ ಮೋಟರ್ ಬದಲಿಸಿದ್ದರೆ ತಾರೀಖು ಬದಲಾಗುವುದಿಲ್ಲ, ಮಶಿನ್ ವಯಸ್ಸು 2019ರಿಂದಲೇ ಎಣಿಕೆ.